ಪ್ರಿಂಟ್‌ನಲ್ಲಿ ಟೈಟ್, ಅಲ್ಯೂಮಿನಿಯಂನಲ್ಲಿ ಲೂಸ್: 28 ಎಂಎಂ ಬೋರಿನ ಒಂದು ಪ್ರಕರಣ

ರಾಜಾಜಿನಗರದಲ್ಲಿ ಒಂದು ಚಿಕ್ಕ ಕಂಪನಿ ಇದೆ. ಬಾಟಲಿಗೆ ಲೇಬಲ್ ಅಂಟಿಸುವ ಯಂತ್ರ ಮಾಡುತ್ತಾರೆ. ಅದರೊಳಗೆ ಫ್ಲಾಟ್ ಬೆಲ್ಟ್ ತಿರುಗಿಸಿಕೊಂಡು ಹೋಗಲು ಐಡ್ಲರ್ ಪುಲ್ಲಿಗಳಿವೆ. ಪುಲ್ಲಿಯ ಹೊರ ವ್ಯಾಸ 50 ಎಂಎಂ, ಅಗಲ 30 ಎಂಎಂ. ಒಳಗೆ ಎರಡು 6001 ಬೇರಿಂಗ್, ಅಂದರೆ ಒಳಗೆ 12, ಹೊರಗೆ 28, ದಪ್ಪ 8. ಬೋರ್ ಈ ಕಡೆಯಿಂದ ಆ ಕಡೆಗೆ ಒಂದೇ ಅಳತೆ. ನಡುವೆ ಸ್ಪೇಸರ್ ರಿಂಗ್, ಎರಡೂ ತುದಿಗೆ ಸರ್ಕ್ಲಿಪ್. ನೋಡಲು ಇದಕ್ಕಿಂತ ಸುಲಭದ ಪಾರ್ಟ್ ಇಲ್ಲ.

ಮೊದಲು ಈ ಪುಲ್ಲಿಯನ್ನು ಆಫೀಸಿನಲ್ಲೇ ಪಿಇಟಿಜಿ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದರು. ಬೇರಿಂಗ್ ಚೆನ್ನಾಗಿ ಕೂತಿತು, ಯಂತ್ರ ಓಡಿತು, ಕಸ್ಟಮರ್ ಒಪ್ಪಿದರು. ಅದೇ ಕ್ಯಾಡ್ ಫೈಲನ್ನು ಪೀಣ್ಯದ ಒಂದು ಸಿಎನ್‌ಸಿ ಶಾಪಿಗೆ ಕಳಿಸಿ 80 ಪುಲ್ಲಿ ಅಲ್ಯೂಮಿನಿಯಂನಲ್ಲಿ ಮಾಡಿಸಿದರು. ಫಿನಿಶ್ ಅಂದ್ರೆ ಕನ್ನಡಿ ಇದ್ದ ಹಾಗಿತ್ತು. ಆದರೆ ಬೇರಿಂಗನ್ನು ಬೋರಿನ ಬಾಯಿಗೆ ಇಟ್ಟರೆ ಸಾಕು, ಸೀದಾ ಒಳಗೆ ಜಾರಿ ಆ ಕಡೆಯಿಂದ ಟೇಬಲ್ ಮೇಲೆ ಬೀಳುತ್ತಿತ್ತು. ಎಂಬತ್ತೂ ಹಾಗೇ.

ನಾನು ಫಿಕ್ಸ್ಚರ್ ಮತ್ತು ಡ್ರಾಯಿಂಗ್ ಕೆಲಸ ಮಾಡುವವನು. ನನ್ನನ್ನು ಕರೆದಿದ್ದು ನಿಜವಾಗಿ ಜಗಳ ಬಿಡಿಸಲು. ಕಂಪನಿಯವರು ಶಾಪ್ ಬೋರ್ ದೊಡ್ಡದು ಮಾಡಿದೆ ಅಂತಿದ್ದರು. ಶಾಪ್ ಮಾಲೀಕರದ್ದು ಒಂದೇ ಮಾತು: "ಸಾರ್, ಡ್ರಾಯಿಂಗ್‌ನಲ್ಲಿ ಏನಿದೆಯೋ ಅದನ್ನೇ ಕೊಟ್ಟಿದ್ದೀವಿ. ನೀವೇ ಅಳತೆ ಹಾಕಿ ನೋಡಿ."

ಹಾಕಿ ನೋಡಿದೆವು. ಡಯಲ್ ಬೋರ್ ಗೇಜಿನಲ್ಲಿ ಬೋರ್ 28.14ರಿಂದ 28.17ರ ನಡುವೆ ಬಂತು. ಡ್ರಾಯಿಂಗ್ ತೆಗೆದೆ. ಅದರಲ್ಲಿ ಬೋರ್ 28.15 ಅಂತಲೇ ಇತ್ತು. ಪಕ್ಕದಲ್ಲಿ ಟಾಲರೆನ್ಸ್ ಇಲ್ಲ. ಕೆಳಗೆ ಟೈಟಲ್ ಬ್ಲಾಕಿನಲ್ಲಿ ಮಾತ್ರ ISO 2768-m ಅಂತ ಒಂದು ಸಾಲು. ಆ ಸಾಲಿನ ಪ್ರಕಾರ 6ರಿಂದ 30 ಎಂಎಂ ಒಳಗಿನ ಯಾವ ಅಳತೆಗಾದರೂ ±0.2 ಬಿಟ್ಟಿದ್ದಾರೆ ಎಂದರ್ಥ. ಅಂದರೆ 27.95 ಕೊಟ್ಟಿದ್ದರೂ ಪಾಸ್, 28.35 ಕೊಟ್ಟಿದ್ದರೂ ಪಾಸ್. ಶಾಪ್‌ನವರು 0.03ರ ಒಳಗೆ ಹಿಡಿದುಕೊಟ್ಟಿದ್ದು ಅವರ ಒಳ್ಳೆತನ. ಜಗಳ ಅಲ್ಲಿಗೆ ಮುಗಿಯಿತು, ಆದರೆ 28.15 ಎಲ್ಲಿಂದ ಬಂತು ಅನ್ನೋದು ಉಳಿಯಿತು.

28.15 ಎಲ್ಲಿಂದ ಬಂತು

ಡಿಸೈನ್ ಮಾಡಿದ ಹುಡುಗ ಮೊದಲು ಬೋರನ್ನು 28.00 ಅಂತಲೇ ಬರೆದಿದ್ದ. ಪ್ರಿಂಟ್ ಬಂದಾಗ ಬೇರಿಂಗ್ ಒಳಗೆ ಹೋಗಲಿಲ್ಲ. ಸುತ್ತಿಗೆಯಲ್ಲಿ ತಟ್ಟಿದಾಗ ಪುಲ್ಲಿ ಸೀಳಿತು. ಆಮೇಲೆ ಕ್ಯಾಡ್‌ನಲ್ಲಿ ಬೋರನ್ನು ಸ್ವಲ್ಪ ಸ್ವಲ್ಪ ಹಿಗ್ಗಿಸುತ್ತಾ ಹೋದ. 28.15ಕ್ಕೆ ಬಂದಾಗ ವೈಸ್‌ನಲ್ಲಿ ಇಟ್ಟು ಒತ್ತಿದರೆ ಬೇರಿಂಗ್ ಗಟ್ಟಿಯಾಗಿ ಕೂತಿತು. ಸರಿ ಅಂತ ಫೈಲ್ ಸೇವ್ ಮಾಡಿದ. ಪ್ರಿಂಟ್ ಮಾಡುವವರೆಲ್ಲ ಹೀಗೇ ಮಾಡೋದು, ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ.

ಆದರೆ ಆ 0.15 ಯಾವುದಕ್ಕೆ ಅಂತ ನೋಡಬೇಕು. ಫಿಲಮೆಂಟ್ ಪ್ರಿಂಟರ್‌ನಲ್ಲಿ ತೂತು ಯಾವಾಗಲೂ ಚಿಕ್ಕದಾಗಿ ಬರುತ್ತದೆ. ನಾಝಲ್ ಒಳ ವೃತ್ತದಲ್ಲಿ ತಿರುಗುವಾಗ ಬಿಸಿ ಪ್ಲಾಸ್ಟಿಕ್ ಎಳೆ ಒಳಗಡೆಗೆ ಎಳೆದುಕೊಳ್ಳುತ್ತದೆ. ತಣ್ಣಗಾದಾಗ ಇನ್ನಷ್ಟು ಕುಗ್ಗುತ್ತದೆ. ಪ್ರತಿ ಲೇಯರ್ ಶುರುವಾಗಿ ಮುಗಿಯುವ ಜಾಗದಲ್ಲಿ ಒಂದು ಉಬ್ಬು ಸೀಮ್ ಬರುತ್ತದೆ. ಕೆಳಗಿನ ಒಂದೆರಡು ಲೇಯರ್ ಬೆಡ್ ಮೇಲೆ ಚಪ್ಪಟೆಯಾಗಿ ಹರಡಿ ಬಾಯಿ ಇನ್ನೂ ಕಿರಿದಾಗುತ್ತದೆ. ಇದರ ಮೇಲೆ ಎಸ್‌ಟಿಎಲ್ ಫೈಲಿನ ಕಾಟ ಬೇರೆ. ಎಸ್‌ಟಿಎಲ್‌ನಲ್ಲಿ ವೃತ್ತ ಅನ್ನೋದೇ ಇಲ್ಲ, ಚಿಕ್ಕ ಚಿಕ್ಕ ನೇರ ಗೆರೆಗಳಷ್ಟೇ. ಗೆರೆಗಳ ತುದಿ ಮಾತ್ರ ವೃತ್ತದ ಮೇಲಿರುತ್ತವೆ, ನಡುಭಾಗ ತೂತಿನ ಒಳಗೆ ಬರುತ್ತದೆ. 28 ಎಂಎಂ ವೃತ್ತವನ್ನು 32 ಗೆರೆಗಳಾಗಿ ಒಡೆದರೆ, ಎದುರುಬದುರು ಗೆರೆಗಳ ನಡುಭಾಗದಲ್ಲಿ ಅಳೆದಾಗ ವ್ಯಾಸ 0.13 ಎಂಎಂ ಆಸುಪಾಸು ಕಡಿಮೆ ಸಿಗುತ್ತದೆ. ಇವರದ್ದು ಎಕ್ಸ್‌ಪೋರ್ಟ್ ಮಾಡುವಾಗ ಹೈ ರೆಸಲ್ಯೂಷನ್ ಇಟ್ಟಿದ್ದರಿಂದ ಆ ಕಾಟ ಇರಲಿಲ್ಲ. ಆದರೂ 28.00 ಅಂತ ಬರೆದ ತೂತು 27.78ರ ಸುತ್ತ ಬಂದಿತ್ತು. ಅಂದರೆ 0.22 ಚಿಕ್ಕದು.

ಈಗ ಲೆಕ್ಕ ನೋಡಿ. ಬರೆದಿದ್ದು 28.15, ಬಂದಿದ್ದು 27.93. ಬೇರಿಂಗ್ 28. ಹಾಗಾಗಿ ಪ್ರಿಂಟ್‌ನಲ್ಲಿ ನಿಜವಾದ ಬಿಗಿ 0.07 ಎಂಎಂ. 28.15 ಅನ್ನೋ ಒಂದೇ ಅಂಕಿಯೊಳಗೆ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಒಂದು, ಆ ಪ್ರಿಂಟರ್ ಎಷ್ಟು ತಪ್ಪು ಮಾಡುತ್ತದೆ ಅನ್ನೋದು. ಇನ್ನೊಂದು, ಬೇರಿಂಗ್ ಎಷ್ಟು ಬಿಗಿ ಇರಬೇಕು ಅನ್ನೋದು. ಮೊದಲನೆಯದು ಯಂತ್ರದ ಗುಣ, ಎರಡನೆಯದು ಪಾರ್ಟಿನ ಅಗತ್ಯ. ಎರಡನ್ನೂ ಕೂಡಿಸಿ ಒಂದೇ ಡೈಮೆನ್ಷನ್ ಆಗಿ ಮಾಡೆಲ್‌ನಲ್ಲಿ ಬರೆದಿಟ್ಟ ಮೇಲೆ, ಆ ಫೈಲ್ ಆ ಪ್ರಿಂಟರ್ ಬಿಟ್ಟು ಎಲ್ಲಿಗೆ ಹೋದರೂ ಸುಳ್ಳು ಹೇಳುತ್ತದೆ. ಪೀಣ್ಯಕ್ಕೇ ಹೋಗಬೇಕಂತಿಲ್ಲ. ಇದೇ ಕಂಪನಿ ಆಮೇಲೆ ಫಿಲಮೆಂಟ್ ಬ್ರ್ಯಾಂಡ್ ಬದಲಾಯಿಸಿದಾಗ ಅದೇ 28.15ರ ಪ್ರಿಂಟ್ ಕೈಯಲ್ಲೇ ಸರಾಗವಾಗಿ ಜಾರಿತು.

ಸಿಎನ್‌ಸಿ ಲೇತ್‌ನಲ್ಲೂ ತಪ್ಪು ಬರುತ್ತದೆ, ಬರಲ್ಲ ಅಂತಲ್ಲ. ಇನ್ಸರ್ಟ್ ಸವೆಯುತ್ತದೆ, ಬೋರಿಂಗ್ ಬಾರ್ ಬಾಗುತ್ತದೆ. ಆದರೆ ಅದನ್ನು ಆಪರೇಟರ್ ನೋಡಿಕೊಳ್ಳುತ್ತಾನೆ. ಒಂದು ಜಾಬ್ ಅಳೆಯುತ್ತಾನೆ, ಟೂಲ್ ಆಫ್‌ಸೆಟ್ಟಿನಲ್ಲಿ ಹತ್ತು ಮೈಕ್ರಾನ್ ತಿದ್ದುತ್ತಾನೆ, ಮುಂದಿನ ಜಾಬ್ ಹಾಕುತ್ತಾನೆ. ಯಂತ್ರದ ತಪ್ಪು ಯಂತ್ರದ ಹತ್ತಿರವೇ ಸರಿಹೋಗುತ್ತದೆ, ಡ್ರಾಯಿಂಗಿಗೆ ಬರುವುದಿಲ್ಲ. ಅವನಿಗೆ ಬೇಕಿರುವುದು ಪಾರ್ಟ್ ಕೊನೆಗೆ ಎಷ್ಟಿರಬೇಕು, ಎಷ್ಟರಿಂದ ಎಷ್ಟರವರೆಗೆ ಬಿಡಬಹುದು ಅನ್ನೋದು ಮಾತ್ರ.

ಹಾಗಾದರೆ ಎಷ್ಟಿರಬೇಕು

ಇಲ್ಲಿ ಎರಡನೇ ಸುತ್ತಿನ ಎಡವಟ್ಟು ಶುರುವಾಯಿತು. ಕಂಪನಿಯಲ್ಲಿ ಒಬ್ಬ ಹಿರಿಯರು ಹ್ಯಾಂಡ್‌ಬುಕ್ ನೋಡಿ, "ಪ್ರೆಸ್ ಫಿಟ್ ಅಂದ್ರೆ H7/p6 ಅಲ್ವಾ, ಬೋರನ್ನು H7 ಮಾಡಿಸಿಬಿಡಿ" ಅಂದರು. H7/p6 ಪ್ರೆಸ್ ಫಿಟ್ ಅನ್ನೋದು ನಿಜವೇ. ಆದರೆ ಆ ಜೋಡಿಯಲ್ಲಿ ಬಿಗಿ ಬರುವುದು p6 ಕಡೆಯಿಂದ, ಅಂದರೆ ಒಳಗೆ ಹೋಗುವ ಶಾಫ್ಟನ್ನು ದಪ್ಪ ಮಾಡುವುದರಿಂದ. ಇಲ್ಲಿ ಒಳಗೆ ಹೋಗುವುದು ಬೇರಿಂಗ್. ಅದು ಅಂಗಡಿಯಲ್ಲಿ ಸಿಗುವ ರೆಡಿ ಮಾಲು, ಅದರ ಅಳತೆ ನಾವು ನಿರ್ಧರಿಸುವಂಥದ್ದಲ್ಲ. ಸಾಮಾನ್ಯ ದರ್ಜೆಯ 6001ರ ಹೊರ ವ್ಯಾಸ 28.000ದಿಂದ 27.991ರ ಒಳಗೆ ಇರುತ್ತದೆ. ಯಾವಾಗಲೂ 28ಕ್ಕಿಂತ ಚೂರು ಕಡಿಮೆ, ಜಾಸ್ತಿ ಇರುವುದೇ ಇಲ್ಲ. H7 ಬೋರ್ ಈ ಗಾತ್ರಕ್ಕೆ 28.000ದಿಂದ 28.021. ಎರಡನ್ನೂ ಸೇರಿಸಿ ನೋಡಿದರೆ ಬಿಗಿ ಬರುವ ಪ್ರಶ್ನೆಯೇ ಇಲ್ಲ. ಸೊನ್ನೆಯಿಂದ 30 ಮೈಕ್ರಾನ್‌ವರೆಗೆ ಸಡಿಲ.

ಪುಣ್ಯಕ್ಕೆ ಈ ಸಲ ಸ್ಯಾಂಪಲ್ ಮಾತ್ರ ಮಾಡಿಸಿದ್ದರು. ಬೇರಿಂಗ್ ಕೈಯಲ್ಲೇ ನಯವಾಗಿ ಒಳಗೆ ಹೋಯಿತು, ಅಲುಗಾಡುತ್ತಿರಲಿಲ್ಲ. "ಇದು ಸಾಕಲ್ವಾ, ಸರ್ಕ್ಲಿಪ್ ಇದೆಯಲ್ಲ" ಅಂದರು. ಸಾಕೋ ಇಲ್ಲವೋ ನೋಡಲು ಒಂದು ಸುಲಭ ಪರೀಕ್ಷೆ ಇದೆ. ಮಾರ್ಕರ್ ಪೆನ್ ತೆಗೆದುಕೊಂಡು ಬೇರಿಂಗಿನ ಹೊರ ರಿಂಗಿನ ಮುಖದಿಂದ ಪುಲ್ಲಿಯ ಮುಖದವರೆಗೆ ಒಂದು ನೇರ ಗೆರೆ ಎಳೆದೆ. ಬೆಲ್ಟ್ ಹಾಕಿ ಊಟಕ್ಕೆ ಹೋಗಿ ಬರುವವರೆಗೆ ಓಡಿಸಿದರು. ಬಂದು ನೋಡಿದರೆ ಗೆರೆ ಎರಡು ತುಂಡಾಗಿತ್ತು. ರಿಂಗಿನ ಮೇಲಿನ ತುಂಡು ಒಂದು ಕಡೆ, ಪುಲ್ಲಿಯ ಮೇಲಿನದು ಇನ್ನೊಂದು ಕಡೆ. ಬೇರಿಂಗ್ ತೆಗೆದಾಗ ಬೋರಿನ ಗೋಡೆಗೆ ಬೆರಳು ಸವರಿದರೆ ಕಪ್ಪು ಹತ್ತುತ್ತಿತ್ತು. ಅದು ಉಜ್ಜಿ ಎದ್ದ ಅಲ್ಯೂಮಿನಿಯಂ ಪುಡಿ. ಹೀಗೇ ಬಿಟ್ಟಿದ್ದರೆ ಕೆಲವು ತಿಂಗಳಲ್ಲಿ ಬೋರ್ ತಾನೇ ಸವೆದು ಮತ್ತೆ 28.15ಕ್ಕೆ ಬಂದು ನಿಲ್ಲುತ್ತಿತ್ತು!

ಇದಕ್ಕೆ ಕಾರಣ ಪುಲ್ಲಿಯ ಕೆಲಸ. ಐಡ್ಲರ್‌ನಲ್ಲಿ ಶಾಫ್ಟ್ ನಿಂತಿರುತ್ತದೆ, ಪುಲ್ಲಿ ತಿರುಗುತ್ತದೆ. ಬೆಲ್ಟಿನ ಎಳೆತ ಯಾವಾಗಲೂ ಒಂದೇ ದಿಕ್ಕಿಗೆ. ಹೊರ ರಿಂಗ್ ಪುಲ್ಲಿ ಜೊತೆ ತಿರುಗುವುದರಿಂದ ಅದರ ಪ್ರತಿಯೊಂದು ಜಾಗವೂ ಸರದಿಯಲ್ಲಿ ಆ ಎಳೆತದ ಕೆಳಗೆ ಬಂದು ಹೋಗುತ್ತದೆ. ಚೂರು ಸಡಿಲ ಇದ್ದರೂ ಸಾಕು, ರಿಂಗ್ ಬೋರಿನ ಒಳಗೆ ಉರುಳುತ್ತಾ ಮುಂದೆ ಸರಿಯುತ್ತದೆ. ಬೋರಿನ ಸುತ್ತಳತೆ ರಿಂಗಿನದಕ್ಕಿಂತ ಕೂದಲೆಳೆ ಜಾಸ್ತಿ ಇರುತ್ತದಲ್ಲ, ಪ್ರತಿ ಸುತ್ತಿಗೆ ರಿಂಗ್ ಪುಲ್ಲಿಗಿಂತ ಅಷ್ಟಷ್ಟು ಮುಂದೆ ಹೋಗುತ್ತದೆ. ಸರ್ಕ್ಲಿಪ್ ಬೇರಿಂಗ್ ಹೊರಗೆ ಬರದ ಹಾಗೆ ನೋಡಿಕೊಳ್ಳುತ್ತದೆಯೇ ಹೊರತು ಹೀಗೆ ತಿರುಗುವುದನ್ನು ತಡೆಯುವುದಿಲ್ಲ.

ಅದೇ ಯಂತ್ರದ ಡ್ರೈವ್ ಕಡೆ ಬೇರಿಂಗ್ ಬ್ಲಾಕ್ ಇದೆ. ಅಲ್ಲಿ ಶಾಫ್ಟ್ ತಿರುಗುತ್ತದೆ, ಬ್ಲಾಕ್ ನಿಂತಿರುತ್ತದೆ. ಅಲ್ಲಿಗೆ H7 ಬೋರ್ ಸರಿಯಾದದ್ದೇ, ಬಿಗಿ ಶಾಫ್ಟ್ ಕಡೆ ಇರಬೇಕು ಅಷ್ಟೇ. ಅದೇ ಬೇರಿಂಗ್, ಅದೇ ಯಂತ್ರ, ಆದರೂ ಫಿಟ್ ಬೇರೆ. ಯಾವ ರಿಂಗಿನ ಮೇಲೆ ಲೋಡ್ ಸುತ್ತುತ್ತದೋ ಆ ರಿಂಗ್ ಬಿಗಿ ಇರಬೇಕು.

ಪುಲ್ಲಿಗೆ N7 ಇಟ್ಟೆವು. 28 ಎಂಎಂಗೆ N7 ಅಂದರೆ 27.993ರಿಂದ 27.972. ತುಂಬಾ ಟೈಟ್ ಆದ ಜೋಡಿಯಲ್ಲಿ ಬಿಗಿ 28 ಮೈಕ್ರಾನ್. ಬೋರ್ ಅತಿ ದೊಡ್ಡದಾಗಿ ಬೇರಿಂಗ್ ಅತಿ ಚಿಕ್ಕದಾದ ಜೋಡಿಯಲ್ಲಿ 2 ಮೈಕ್ರಾನ್ ಸಡಿಲ. ಆ ಕೊನೆಯ ಜೋಡಿ ನನಗೆ ಇಷ್ಟವಿಲ್ಲ, ಹಾಗಾಗಿ ನಡು ಅಳತೆಗೆ ಗುರಿ ಇಡಿ ಅಂತ ಶಾಪಿಗೆ ಹೇಳಿದೆವು. ನಡು ಅಳತೆಯಲ್ಲಿ ಬಿಗಿ 13 ಮೈಕ್ರಾನ್ ಬರುತ್ತದೆ. P7 ಹಾಕಿದ್ದರೆ ಸಡಿಲ ಆಗುವ ಭಯವೇ ಇರುತ್ತಿರಲಿಲ್ಲ. ಆದರೆ ಬಿಗಿ 35ರವರೆಗೆ ಹೋಗುತ್ತದೆ, ಈ ಹಗುರ ಬೆಲ್ಟಿಗೆ ಅಷ್ಟು ಬೇಡ.

ಯಾಕೆ ಬೇಡ ಅಂದರೆ, ಬಿಗಿ ಪುಕ್ಕಟೆ ಬರುವುದಿಲ್ಲ. ಬೋರ್ ಹಿಂಡಿದಾಗ ಬೇರಿಂಗಿನ ಹೊರ ರಿಂಗ್ ಕುಗ್ಗುತ್ತದೆ, ಬಾಲುಗಳಿಗೆ ಇರುವ ಜಾಗ ಕಡಿಮೆಯಾಗುತ್ತದೆ. ಈ ಪುಲ್ಲಿಯ ಅಲ್ಯೂಮಿನಿಯಂ ಗೋಡೆ 11 ಎಂಎಂ ದಪ್ಪ. ಲೆಕ್ಕ ಹಾಕಿದರೆ ಬಿಗಿಯ ಸುಮಾರು ಅರ್ಧದಷ್ಟು ಬೇರಿಂಗಿನ ಒಳ ಸಡಿಲವನ್ನು ತಿನ್ನುತ್ತದೆ, ಉಳಿದರ್ಧ ಪುಲ್ಲಿಯೇ ಹಿಗ್ಗಿ ಹೋಗುತ್ತದೆ. ಸ್ಟೀಲ್ ಆಗಿದ್ದರೆ ಬೇರಿಂಗಿಗೆ ಇನ್ನೂ ಜಾಸ್ತಿ ಹೋಗುತ್ತಿತ್ತು. ಸಾಮಾನ್ಯ 6001ರಲ್ಲಿ ಒಳ ಸಡಿಲ 3ರಿಂದ 18 ಮೈಕ್ರಾನ್. 28 ಮೈಕ್ರಾನ್ ಬಿಗಿ ಬಂದ ಜೋಡಿಯಲ್ಲಿ ಸುಮಾರು 14 ಹೋಗುತ್ತದೆ. 3 ಇದ್ದ ಬೇರಿಂಗ್ ಆಗಿದ್ದರೆ ಬಾಲುಗಳು ಸಿಕ್ಕಿಹಾಕಿಕೊಳ್ಳುತ್ತವೆ. ಬೆರಳಲ್ಲಿ ತಿರುಗಿಸಿದರೆ ಗೊರ ಗೊರ ಅಂತ ತಡೆ ತಡೆದು ತಿರುಗುವುದು ಆಗಲೇ. ಹಾಗಾಗಿ C3 ಬೇರಿಂಗ್ ತರಿಸಿದೆವು, ಅದರಲ್ಲಿ ಒಳ ಸಡಿಲ 11ರಿಂದ 25. ಎಸ್‌ಜೆಪಿ ರೋಡಿನಲ್ಲಿ 6001 ಕೊಡಿ ಅಂದರೆ ಯಾವುದು ಕೈಗೆ ಸಿಗುತ್ತೋ ಅದನ್ನು ಕೊಡುತ್ತಾರೆ. ಡಬ್ಬಿ ಮೇಲೆ C3 ಅಂತ ಇದೆಯಾ ನೋಡಿಕೊಂಡೇ ತರಬೇಕು.

ಶಾಫ್ಟ್ ನಿಂತಿರುವುದರಿಂದ ಅದಕ್ಕೆ h6 ಸಾಕು. ಕೈಯಲ್ಲಿ ತಳ್ಳಿದರೆ ಅಥವಾ ಮೆಲ್ಲಗೆ ತಟ್ಟಿದರೆ ಹೋಗುತ್ತದೆ.

ಶಾಪ್‌ನಲ್ಲಿ ಏನಾಯಿತು

N7ನ ಒಟ್ಟು ಜಾಗ 21 ಮೈಕ್ರಾನ್. ಇದನ್ನು ವರ್ನಿಯರ್‌ನಲ್ಲಿ ನೋಡಲು ಆಗುವುದಿಲ್ಲ. ಡಿಜಿಟಲ್ ವರ್ನಿಯರ್ ತೋರಿಸುವುದರಲ್ಲೇ 20 ಮೈಕ್ರಾನ್ ಅತ್ತಿತ್ತ ಇರುತ್ತದೆ. ಮೇಲಾಗಿ ಅದರ ಒಳ ಅಳತೆಯ ದವಡೆಗಳ ಅಂಚು ಚಪ್ಪಟೆ, ಗುಂಡಗಿನ ತೂತಿನಲ್ಲಿ ಅಳತೆಯನ್ನು ಚೂರು ಕಡಿಮೆಯೇ ತೋರಿಸುತ್ತದೆ. ಕಂಪನಿಯವರ ಹತ್ತಿರ ಇದ್ದದ್ದು ವರ್ನಿಯರ್ ಮಾತ್ರ. ಬೋರ್ ಗೇಜ್ ಇಲ್ಲದಿದ್ದರೆ ಗೋ ನೋ-ಗೋ ಪ್ಲಗ್ ಗೇಜ್ ಮಾಡಿಸಿಕೊಳ್ಳಿ ಅಂದೆ. ಒಂದು ತುದಿ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಯಾರು ಬೇಕಾದರೂ ನೋಡಬಹುದು.

ಶಾಪಿನಲ್ಲಿ ಮೊದಲ ಜಾಬ್ ಇಳಿದಾಗ ಬೋರ್ 27.985 ತೋರಿಸಿತು, ಆಪರೇಟರ್ ಖುಷಿಯಾದ. ಆದರೆ ಜಾಬ್ ಮುಟ್ಟಿದರೆ ಬೆಚ್ಚಗಿತ್ತು. ಚಹಾ ಕುಡಿದು ಬಂದು ಮತ್ತೆ ಹಾಕಿದಾಗ 27.979. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ 23 ಮೈಕ್ರಾನ್ ಹಿಗ್ಗುತ್ತದೆ. 28 ಎಂಎಂಗೆ 10 ಡಿಗ್ರಿ ಅಂದರೆ 6 ಮೈಕ್ರಾನ್ ದಾಟುತ್ತದೆ. 21ರಲ್ಲಿ 6 ಅಂದರೆ ಸುಮಾರು ಮೂರನೇ ಒಂದು ಪಾಲು ಬರೀ ಬಿಸಿಯಲ್ಲೇ ಹೋಯಿತು. ಬಿಸಿ ಜಾಬಿನ ಅಳತೆ ನೋಡಿ ಆಫ್‌ಸೆಟ್ ಇಟ್ಟುಕೊಂಡು ಹೋದರೆ ಇಡೀ ಬ್ಯಾಚ್ ಅಷ್ಟು ಚಿಕ್ಕದಾಗಿ ಬರುತ್ತದೆ. ಪೀಣ್ಯದ ಒಳ್ಳೆ ಆಪರೇಟರ್‌ಗಳಿಗೆ ಇದು ಗೊತ್ತೇ ಇರುತ್ತದೆ, ಕೂಲೆಂಟಲ್ಲಿ ಅದ್ದಿ ತಣ್ಣಗೆ ಮಾಡಿ ಅಳೆಯುತ್ತಾರೆ. ಮಾಸ್ಟರ್ ರಿಂಗನ್ನೂ ಜಾಬಿನ ಪಕ್ಕದಲ್ಲೇ ಇಟ್ಟುಕೊಂಡರೆ ಎರಡೂ ಒಂದೇ ಬಿಸಿಯಲ್ಲಿರುತ್ತವೆ.

ಇದೇ ಹಿಗ್ಗುವಿಕೆ ಯಂತ್ರದಲ್ಲೂ ಆಟ ಆಡುತ್ತದೆ. ಬೇರಿಂಗ್ ಸ್ಟೀಲು, ಅಲ್ಯೂಮಿನಿಯಂನ ಅರ್ಧದಷ್ಟು ಮಾತ್ರ ಹಿಗ್ಗುತ್ತದೆ. ಪುಲ್ಲಿ 30 ಡಿಗ್ರಿ ಬಿಸಿಯಾದರೆ ಬಿಗಿಯಲ್ಲಿ 9 ಮೈಕ್ರಾನ್ ಕಡಿಮೆ. 13ರ ಬಿಗಿಯಲ್ಲಿ 4 ಉಳಿಯಿತು. ಈ ಯಂತ್ರ ಅಷ್ಟು ಬಿಸಿಯಾಗುವುದಿಲ್ಲ, ಹಾಗಾಗಿ ಬಿಟ್ಟೆವು. ಶ್ರಿಂಕ್ ಟನಲ್ ಪಕ್ಕದ ಪುಲ್ಲಿ ಆಗಿದ್ದರೆ ನಾನು P7 ಕಡೆಗೇ ಹೋಗುತ್ತಿದ್ದೆ.

ಬೇರಿಂಗ್ ಕೂರಿಸುವಾಗ ಒತ್ತಡ ಹೊರ ರಿಂಗಿನ ಮೇಲೆ ಮಾತ್ರ ಬೀಳಬೇಕು. ಒಳ ರಿಂಗ್ ಒತ್ತಿದರೆ ಬಲವೆಲ್ಲ ಬಾಲುಗಳ ಮೂಲಕ ಹೋಗಿ ಟ್ರ್ಯಾಕಿನಲ್ಲಿ ಸಣ್ಣ ಗುಳಿ ಬೀಳುತ್ತದೆ. ಆಮೇಲೆ ಸದ್ದು ಬಂದರೆ ಫಿಟ್ ಸರಿಯಿಲ್ಲ ಅಂತ ಸುಮ್ನೆ ಬೋರನ್ನು ದೂರುತ್ತಾರೆ.

ಪ್ರಿಂಟ್ ಪುಲ್ಲಿಯೂ ಬೇಕಿತ್ತು

ಕಂಪನಿಯವರು ಹೊಸ ಬೆಲ್ಟ್ ದಾರಿ ಟ್ರೈ ಮಾಡುವಾಗ ಈಗಲೂ ಪ್ರಿಂಟ್ ಪುಲ್ಲಿ ಹಾಕುತ್ತಾರೆ. ಅದಕ್ಕೆ N7 ಬರೆದು ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಅಲ್ಯೂಮಿನಿಯಂಗಿಂತ ಮೂವತ್ತು ಪಟ್ಟು ಮೆತ್ತಗೆ. 13 ಮೈಕ್ರಾನ್ ಬಿಗಿ ಅದಕ್ಕೆ ಗೊತ್ತೇ ಆಗಲ್ಲ, ಪ್ರಿಂಟಿನ ಲೇಯರ್ ಏರುಪೇರು ಅದಕ್ಕಿಂತ ಜಾಸ್ತಿ ಇರುತ್ತದೆ. ಪ್ಲಾಸ್ಟಿಕ್‌ನಲ್ಲಿ ಬಿಗಿಯನ್ನು ಹತ್ತರಲ್ಲಿ ಒಂದು ಎಂಎಂ ಲೆಕ್ಕದಲ್ಲಿ ಯೋಚಿಸಬೇಕು.

ಮೊದಲು ಪ್ರಿಂಟರ್‌ನ ತಪ್ಪನ್ನು ಕ್ಯಾಡ್‌ನಿಂದ ತೆಗೆದು ಸ್ಲೈಸರ್‌ಗೆ ಹಾಕಿದೆವು. ಓರ್ಕಾ ಸ್ಲೈಸರ್‌ನಲ್ಲಿ ಅದಕ್ಕೆ `X-Y hole compensation` ಅಂತ ಇದೆ, ಕ್ಯೂರಾದಲ್ಲಿ `Hole Horizontal Expansion`. ಇಲ್ಲಿ ಹಾಕುವ ಅಂಕಿ ಒಂದು ಬದಿಯದ್ದು, ಅಂದರೆ ತ್ರಿಜ್ಯದ ಲೆಕ್ಕ. ತೂತು ವ್ಯಾಸದಲ್ಲಿ 0.22 ಚಿಕ್ಕದಾಗಿ ಬರುತ್ತಿದ್ದರೆ ಹಾಕಬೇಕಾದ್ದು 0.11. ಹುಡುಗ 0.22 ಹಾಕಿದ, ತೂತು 28.2 ದಾಟಿತು. ಇದು ಎಲ್ಲರಿಗೂ ಒಮ್ಮೆ ಆಗುವಂಥದ್ದೇ. ಮಾಡೆಲನ್ನೇ ಶೇಕಡಾ ಲೆಕ್ಕದಲ್ಲಿ ದೊಡ್ಡದು ಮಾಡುವುದೂ ಸರಿಯಲ್ಲ. 6 ಎಂಎಂ ತೂತಿಗೂ ಹೆಚ್ಚು ಕಡಿಮೆ ಇಷ್ಟೇ ತಪ್ಪು ಬರುತ್ತದೆ, ಅದು ಗಾತ್ರದ ಜೊತೆ ಬೆಳೆಯುವ ತಪ್ಪಲ್ಲ. ಅಳೆಯಲು ಇಡೀ ಪುಲ್ಲಿ ಪ್ರಿಂಟ್ ಮಾಡಬೇಕಿಲ್ಲ, 10 ಎಂಎಂ ಎತ್ತರದ ಒಂದು ರಿಂಗ್ ಸಾಕು. ಫಿಲಮೆಂಟ್ ಬದಲಾದರೆ ಆ ರಿಂಗ್ ಮತ್ತೆ ಪ್ರಿಂಟ್ ಮಾಡಿ ಸ್ಲೈಸರ್ ಪ್ರೊಫೈಲ್ ತಿದ್ದಿದರೆ ಆಯಿತು, ಮಾಡೆಲ್ ಮುಟ್ಟುವುದು ಬೇಡ.

ಅದಾದ ಮೇಲೆ ಫಿಟ್. ಇಡೀ ಸುತ್ತನ್ನು ಬಿಗಿ ಮಾಡಿದರೆ ಪ್ರಿಂಟ್ 0.1 ಚಿಕ್ಕದಾದ ದಿನ ಪುಲ್ಲಿ ಸೀಳುತ್ತದೆ, 0.1 ದೊಡ್ಡದಾದ ದಿನ ಬೇರಿಂಗ್ ಜಾರುತ್ತದೆ. ಅದಕ್ಕೆ ಬೋರನ್ನು 28.3 ಮಾಡಿ, ಒಳಗೋಡೆಗೆ ಉದ್ದಕ್ಕೂ ಆರು ಸಣ್ಣ ಪಕ್ಕೆಗಳನ್ನು ಇಟ್ಟೆವು. ಒಂದೊಂದೂ 1.5 ಎಂಎಂ ಅಗಲ, ಅವುಗಳ ತುದಿ ಮುಟ್ಟುವ ವೃತ್ತ 27.8. ಬೇರಿಂಗ್ ಒಳಗೆ ಹೋಗುವಾಗ ಪಕ್ಕೆಗಳ ತುದಿ ನಜ್ಜಿಕೊಂಡು ಜಾಗ ಬಿಡುತ್ತವೆ. ಪ್ರಿಂಟ್ ಆಚೀಚೆ ಆದರೆ ನಜ್ಜುವುದು ಜಾಸ್ತಿ ಕಡಿಮೆ ಆಗುತ್ತದೆ ಅಷ್ಟೇ, ಪುಲ್ಲಿಯ ಗೋಡೆಗೆ ಎಳೆತ ಹೋಗುವುದಿಲ್ಲ. ಸೀಮನ್ನು ಎರಡು ಪಕ್ಕೆಗಳ ನಡುವೆ ಬರುವ ಹಾಗೆ ಇಟ್ಟೆವು. ಬಾಯಿಗೆ 1 ಎಂಎಂ ಚಾಂಫರ್ ಕೊಟ್ಟೆವು, ಬೆಡ್ ಮೇಲೆ ಹರಡಿದ ಲೇಯರ್ ಅದರಲ್ಲಿ ಮುಚ್ಚಿಹೋಗುತ್ತದೆ.

ಮೊದಲ ಪುಲ್ಲಿ ಸೀಳಿದ್ದು ಬಿಗಿ ಜಾಸ್ತಿಯಾಗಿ ಮಾತ್ರ ಅಲ್ಲ. ಅದನ್ನು ಬೆಡ್ ಮೇಲೆ ಚಕ್ರ ನಿಂತ ಹಾಗೆ ಇಟ್ಟು ಪ್ರಿಂಟ್ ಮಾಡಿದ್ದರು, ಬೋರ್ ಅಡ್ಡಡ್ಡ. ಬೇರಿಂಗ್ ಒತ್ತಿದಾಗ ಗೋಡೆ ಹೊರಕ್ಕೆ ಎಳೆಯುತ್ತದಲ್ಲ, ಆ ಎಳೆತ ಲೇಯರ್‌ಗಳನ್ನು ಒಂದರಿಂದ ಒಂದು ಬಿಡಿಸುವ ದಿಕ್ಕಿಗೇ ಬಂತು. ಮಲಗಿಸಿ ಪ್ರಿಂಟ್ ಮಾಡಿದರೆ ಅದೇ ಎಳೆತ ಎಳೆಯ ಉದ್ದಕ್ಕೆ ಬೀಳುತ್ತದೆ, ತೂತೂ ಗುಂಡಗೆ ಬರುತ್ತದೆ.

ಇಷ್ಟಾದರೂ ಪ್ರಿಂಟ್ ಪುಲ್ಲಿ ಖಾಯಂ ಅಲ್ಲ. ಒತ್ತಡದಲ್ಲಿ ಕೂತ ಪ್ಲಾಸ್ಟಿಕ್ ದಿನ ಕಳೆದಂತೆ ಮೆಲ್ಲಗೆ ಸೋತು ಬಿಗಿ ಬಿಡುತ್ತದೆ, ಬಿಸಿಲಿಗಿಟ್ಟರೆ ಬೇಗ ಬಿಡುತ್ತದೆ. ಪಿಎಲ್‌ಎ ಆದರೆ 60 ಡಿಗ್ರಿ ಹತ್ತಿರ ಬರುವಾಗಲೇ ಮೆತ್ತಗಾಗುತ್ತದೆ. ಅದೇ ಮಾರ್ಕರ್ ಗೆರೆ ಇದಕ್ಕೂ ಹಾಕಿ, ಆಗಾಗ ನೋಡಿಕೊಳ್ಳಿ.

ಫೈಲ್ ಹೇಗೆ ಇಟ್ಟರು

ಮಾಡೆಲ್ ಒಂದೇ. ಬೋರಿನ ಅಳತೆ ಮಾತ್ರ ಯಾವ ಕೆಲಸಕ್ಕೆ ಅನ್ನುವುದರ ಮೇಲೆ ಬದಲಾಗುತ್ತದೆ. ಅವರು ಪ್ಯಾರಾಮೀಟರ್‌ನಲ್ಲಿ ಮಾಡಿಕೊಂಡರು. ಓಪನ್‌ಸ್ಕ್ಯಾಡ್‌ನಲ್ಲಿ ಬರೆದರೆ ಹೀಗಿರುತ್ತದೆ:

```
brg_od = 28;
mode   = "cnc";   // "cnc" / "print"
bore   = mode == "print" ? brg_od + 0.3 : brg_od;
rib_id = brg_od - 0.2;   // print only
```

ಮೆಷಿನಿಂಗ್ ಮಾಡೆಲ್‌ನಲ್ಲಿ ಬೋರ್ 28.00 ಅಂತಲೇ ಇರುತ್ತದೆ. N7 ಅನ್ನೋದು ಡ್ರಾಯಿಂಗ್‌ನಲ್ಲಿ, ಪಕ್ಕದಲ್ಲೇ −0.007/−0.028 ಅಂತ ಅಂಕಿ ಸಮೇತ. ಅಕ್ಷರ ಮಾತ್ರ ಬರೆದರೆ ಟೇಬಲ್ ಹುಡುಕಬೇಕು, ಹುಡುಕುವಾಗ n7 ಸಾಲು ನೋಡಿಬಿಟ್ಟರೆ ಕಥೆ ಮುಗಿಯಿತು, ಅದು ಶಾಫ್ಟಿನದ್ದು. ಮಾಡೆಲ್‌ನಲ್ಲೇ ನಡು ಅಳತೆ 27.98 ಇಡಿ ಅಂತ ಕೆಲವರು ಹೇಳುತ್ತಾರೆ. ಶಾಪ್‌ನವರು ಡ್ರಾಯಿಂಗ್ ತೆರೆಯದೆ ಬರೀ ಸ್ಟೆಪ್ ಫೈಲಿನಿಂದ ಪ್ರೋಗ್ರಾಂ ಮಾಡುವವರಾದರೆ ಅದು ಸರಿ. ಆದರೆ ಅಂಥ ಶಾಪಿಗೆ N7 ಬೋರ್ ಕೊಡುವುದೇ ಬೇಡ ಅನ್ನೋದು ನನ್ನ ಅಭಿಪ್ರಾಯ.

ಇನ್ನು ಹಳೆಯ 80 ಪುಲ್ಲಿ. ದೊಡ್ಡ ಬೋರ್ ಮಾಡಿ ಬುಷ್ ಹಾಕುವುದಕ್ಕೆ ಹೊಸ ಪುಲ್ಲಿಯಷ್ಟೇ ಖರ್ಚು. 0.25 ಎಂಎಂ ಸಂದಿಯವರೆಗೆ ಹಿಡಿಯುವ ರಿಟೈನಿಂಗ್ ಅಂಟು ಸಿಗುತ್ತದೆ, 0.15 ಅದರೊಳಗೆ ಬರುತ್ತದೆ. ತೊಂದರೆ ಏನೆಂದರೆ ಅಂಟು ಗಟ್ಟಿಯಾಗುವವರೆಗೆ ಬೇರಿಂಗ್ ಒಂದು ಕಡೆ ವಾಲಿ ಕೂರುತ್ತದೆ, ಪುಲ್ಲಿ ಓಲಾಡುತ್ತದೆ. ಹೊರ ವ್ಯಾಸ ಹಿಡಿದು ನಡುವೆ ಶಾಫ್ಟ್ ನೇರ ನಿಲ್ಲಿಸುವ ಒಂದು ಫಿಕ್ಸ್ಚರ್ ಮಾಡಿ ಕೆಲವನ್ನು ಅಂಟಿಸಿದೆವು. ಅವು ಬಾಟಲಿ ಕನ್ವೇಯರ್ ಕಡೆ ನಿಧಾನ ಓಡುವ ಜಾಗಕ್ಕೆ ಹೋದವು. ಲೇಬಲ್ ಅಂಟಿಸುವ ಕಡೆಗೆ ಹಾಕಲಿಲ್ಲ, ಅಲ್ಲಿ ಪುಲ್ಲಿ ಓಲಾಡಿದರೆ ಲೇಬಲ್ ಸೊಟ್ಟಗೆ ಬರುತ್ತದೆ. ಉಳಿದದ್ದು ಗುಜರಿಗೆ.

ಹೊಸ ಬ್ಯಾಚ್ ಇಳಿಯುವ ಹೊತ್ತಿಗೆ ಕಸ್ಟಮರ್‌ಗೆ ಕಪ್ಪು ಆನೊಡೈಸಿಂಗ್ ಬೇಕು ಅಂತ ಫೋನ್ ಬಂತು. ಹತ್ತು ಮೈಕ್ರಾನ್ ಆನೊಡೈಸಿಂಗ್‌ನಲ್ಲಿ ಸುಮಾರು ಅರ್ಧ ಮೇಲಕ್ಕೆ ಬೆಳೆಯುತ್ತದೆ. ಎರಡು ಬದಿ ಸೇರಿ ಬೋರ್ 10 ಮೈಕ್ರಾನ್ ಕಿರಿದಾಗುತ್ತದೆ, ನಡು ಅಳತೆಗೆ ಮಾಡಿದ ಬೋರ್ N7ನ ಕೆಳ ಅಂಚಿಗೆ ಹೋಗಿ ನಿಲ್ಲುತ್ತದೆ. ಬೋರಿಗೆ ರಬ್ಬರ್ ಪ್ಲಗ್ ಹಾಕಿ ಆನೊಡೈಸ್ ಮಾಡಿ ಅಂತ ಡ್ರಾಯಿಂಗ್‌ನಲ್ಲಿ ಒಂದು ಸಾಲು ಸೇರಿಸಿದೆವು. ಪ್ಲಗ್ ಹಾಕಲು ಪೀಸಿಗೆ ಇಷ್ಟು ಅಂತ ಆನೊಡೈಸಿಂಗ್‌ನವರು ಬೇರೆ ರೇಟ್ ಕೇಳಿದರು, ಅದಕ್ಕೆ ಚೌಕಾಸಿ ಇನ್ನೂ ನಡೀತಿದೆ.